ವಿಷಯ: ಕುಬುಸದ ಇಳಕಲ್ ಸೀರೆ, ಆರ್ಡರ್ ಸಂಖ್ಯೆ 20417: ನವೆಂಬರ್ 18ರ ತಮ್ಮ ಪತ್ರಕ್ಕೆ ಉತ್ತರ

ಇಳಕಲ್
19 ನವೆಂಬರ್ 2025

ಮಾನ್ಯ ಶ್ರೀಮತಿ ಸುಮಂಗಲಾ ಅವರಿಗೆ,

ನಮಸ್ಕಾರಗಳು. ನಿನ್ನೆ ರಾತ್ರಿ ತಾವು ಬರೆದ ಪತ್ರವನ್ನು ಇಂದು ಬೆಳಿಗ್ಗೆ ಎರಡು ಸಲ ಪೂರ್ತಿಯಾಗಿ ಓದಿದೆ. ಮಗಳ ಮೊದಲ ಬಸಿರಿನ ಕುಬುಸಕ್ಕೆ ತವರಿನಿಂದ ಉಡಿಸಬೇಕಾದ ಹಸಿರು ಸೀರೆಯನ್ನು ಹದಿನೈದು ದಿನ ಮೊದಲೇ ಆರಿಸಿ, ಹಣವನ್ನೂ ಕಟ್ಟಿ, ಭಾನುವಾರ ಬೀಗರು ಮತ್ತು ಮುತ್ತೈದೆಯರು ಮನೆಯಲ್ಲಿ ಕೂಡಿದ ಹೊತ್ತಿಗೆ ಆ ಸೀರೆ ಕೈಯಲ್ಲಿಲ್ಲದೆ ನಿಲ್ಲಬೇಕಾಗಿ ಬಂದ ತಾಯಿಯ ಸಂಕಟ ತಮ್ಮ ಪತ್ರದ ಪ್ರತಿ ಸಾಲಿನಲ್ಲೂ ಇದೆ. ಹಿಂದಿನ ರಾತ್ರಿ ಅಂಗಡಿ ಮುಚ್ಚುವ ಹೊತ್ತಿನಲ್ಲಿ ದಾವಣಗೆರೆಯ ಪೇಟೆಗೆ ಓಡಿ, ಮನಸ್ಸಿಗೆ ಒಪ್ಪದ ಇನ್ನೊಂದು ಸೀರೆ ತಂದಿರಿ ಎಂಬುದನ್ನು ಓದಿದಾಗ ನನಗೆ ಬಹಳ ನೋವಾಯಿತು. ಆ ದಿನವನ್ನು ನಾವು ತಮಗೆ ಮರಳಿ ಕೊಡಲಾರೆವು. ಅದಕ್ಕಾಗಿ ತಮ್ಮಲ್ಲಿಯೂ ತಮ್ಮ ಮಗಳಲ್ಲಿಯೂ ಕ್ಷಮೆ ಕೇಳುತ್ತೇನೆ.

ತಾವು ಇಡೀ ಪತ್ರವನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಬರೆದಿದ್ದೀರಿ. ಶುಕ್ರವಾರ ಮತ್ತು ಶನಿವಾರ ಸೇರಿ ನಾಲ್ಕು ಬಾರಿ ಕರೆ ಮಾಡಿದಾಗಲೂ ನಮ್ಮವರು ತಮ್ಮ ಮಾತಿಗೆ ಕಿವಿಗೊಡಲಿಲ್ಲ. ಕೇಳದವರಿಗೆ ದನಿಯೆತ್ತಿ ಹೇಳುವುದು ಸಹಜ. ಕರೆಗಳ ದಾಖಲೆಯನ್ನು ನೋಡಿದ್ದೇನೆ, ಆ ದಿನ ಫೋನ್ ತೆಗೆದುಕೊಂಡ ಸಹೋದ್ಯೋಗಿಯೊಡನೆಯೂ ಮಾತನಾಡಿದ್ದೇನೆ. ನಾಲ್ಕು ಬಾರಿಯೂ ಅವರು ಪಾರ್ಸೆಲ್ ಎಲ್ಲಿದೆ ಎಂದು ನೋಡದೆ "ನಾಳೆ ಬರುತ್ತದೆ" ಎಂದಷ್ಟೇ ಹೇಳಿದ್ದಾರೆ. ಶುಕ್ರವಾರವೇ ನಿಜ ಹೇಳಿದ್ದರೆ ಬೇರೆ ಸೀರೆಯನ್ನು ನಿಧಾನವಾಗಿ ನೋಡಿ ಆರಿಸಲು ತಮಗೆ ಒಂದು ಪೂರ್ತಿ ದಿನವಾದರೂ ಸಿಗುತ್ತಿತ್ತು. ಸೀರೆ ತಡವಾದದ್ದಕ್ಕಿಂತ ಈ ಸುಳ್ಳು ಭರವಸೆಯೇ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ.

ಇನ್ನು ನಡೆದದ್ದನ್ನು ಇದ್ದಂತೆಯೇ ತಿಳಿಸುತ್ತೇನೆ. ತಮ್ಮ ಸೀರೆ ನವೆಂಬರ್ 10ರಂದೇ ಮಗ್ಗದಿಂದ ಇಳಿದಿತ್ತು, ಮರುದಿನ ಇಲ್ಲಿಂದ ಹೊರಟಿತು. ಪಾರ್ಸೆಲ್ ಮೇಲೆ ತಮ್ಮ ಪಿನ್ ಕೋಡ್ 577002 ಬರೆಯಬೇಕಾದಲ್ಲಿ, ಅದಕ್ಕೂ ಮೊದಲು ಕಟ್ಟಿದ ಇನ್ನೊಂದು ಪಾರ್ಸೆಲ್ಲಿನ 577201 ಎಂಬ ಸಂಖ್ಯೆಯನ್ನು ನಮ್ಮ ಪ್ಯಾಕಿಂಗ್ ವಿಭಾಗದವರು ಬರೆದುಬಿಟ್ಟಿದ್ದರು. ಅದು ಶಿವಮೊಗ್ಗದ ಸಂಖ್ಯೆಯಾದ್ದರಿಂದ ಸೀರೆ ಅಲ್ಲಿಗೆ ಹೋಯಿತು. ವಿಳಾಸ ತಾಳೆಯಾಗದೆ ಎರಡು ದಿನ ಅಲ್ಲಿಯೇ ಉಳಿದು, 13ರ ಗುರುವಾರ ತಲುಪಬೇಕಾದದ್ದು 18ರ ಮಂಗಳವಾರ ಮಧ್ಯಾಹ್ನ ತಮ್ಮ ಮನೆಗೆ ಬಂತು. ಇದರಲ್ಲಿ ಕೊರಿಯರ್‌ನವರ ತಪ್ಪಿಲ್ಲ, ತಾವು ಕೊಟ್ಟ ವಿಳಾಸದಲ್ಲಿಯೂ ತಪ್ಪಿರಲಿಲ್ಲ. ತಪ್ಪು ಪೂರ್ತಿಯಾಗಿ ನಮ್ಮದು.

"ಹರಿದ ಸೀರೆಗೆ ಬೇರೆ ಬಟ್ಟೆ ಹೊಲಿದು ಕಳಿಸಿದ್ದೀರಿ" ಎಂದು ತಾವು ಬರೆದ ಮಾತಿಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ. ಅಷ್ಟೆಲ್ಲ ಕಾದು, ಕಾರ್ಯ ಮುಗಿದ ಮೇಲೆ ಪೆಟ್ಟಿಗೆ ತೆರೆದು, ಮಡಿಕೆ ಬಿಚ್ಚಿದೊಡನೆ ಹಸಿರು ಒಡಲು ಮುಗಿದು ಕೆಂಪು ಸೆರಗು ಶುರುವಾಗುವಲ್ಲಿ ಉಬ್ಬಿದ ಗೆರೆಯೊಂದು ಕಂಡರೆ ಯಾರಿಗಾದರೂ ಮೋಸವಾಯಿತೆಂದೇ ಅನ್ನಿಸುತ್ತದೆ. ತಾವು ಕಳಿಸಿದ ಮೂರೂ ಚಿತ್ರಗಳನ್ನು ದೊಡ್ಡದಾಗಿಸಿ ನೋಡಿದೆ, ನೇಯ್ದವರಿಗೂ ತೋರಿಸಿದೆ. ಸೀರೆ ಹರಿದಿಲ್ಲ, ಅದಕ್ಕೆ ಹೊಲಿಗೆಯೂ ಬಿದ್ದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ತಮ್ಮ ಸೀರೆಯ ಒಡಲಿಗೆ ಹತ್ತಿಯ ಹಸಿರು ಎಳೆಗಳನ್ನೂ ಸೆರಗಿಗೆ ರೇಷ್ಮೆಯ ಕೆಂಪು ಎಳೆಗಳನ್ನೂ ಹಾಸಿದ್ದಾರೆ. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಂತೆ ಸಿಕ್ಕಿಸಿ, ಆಮೇಲೆ ಹೊಕ್ಕು ಹಾಕಿ ಮಗ್ಗದ ಮೇಲೆಯೇ ನೇಯ್ದು ಹೋಗುತ್ತಾರೆ. ತಾವು ಕಂಡ ಉಬ್ಬುಗೆರೆ ಆ ಕುಣಿಕೆಗಳ ಸಾಲು. ಬೆಳಕಿಗೆ ಹಿಡಿದು ನೋಡಿದರೆ ಹಸಿರು ಎಳೆ ಕೆಂಪು ಎಳೆಯನ್ನು ಹಿಡಿದುಕೊಂಡಿರುವುದು ಕಾಣುತ್ತದೆ; ಅಲ್ಲಿ ಹೊಲಿಗೆಯ ದಾರ ಸಿಗುವುದಿಲ್ಲ. ಸೆರಗಿನ ಕೆಂಪಿನ ನಡುವೆ ಬಿಳಿ ಪಟ್ಟಿಗಳು ಬರುವುದೂ ಇಲ್ಲಿನ ರೂಢಿಯ ನೇಯ್ಗೆಯೇ ಹೊರತು ಬಣ್ಣ ಹೋದದ್ದಲ್ಲ.

ಇಷ್ಟನ್ನೂ ತಾವು ಕೊಳ್ಳುವ ಮೊದಲೇ ತಿಳಿಸುವುದು ನಮ್ಮ ಹೊಣೆಯಾಗಿತ್ತು. ಸೀರೆಯ ವಿವರದಲ್ಲಿ ಈ ಜೋಡಣೆಯ ಚಿತ್ರವಾಗಲಿ ಒಂದು ಸಾಲಿನ ಮಾತಾಗಲಿ ಇರಲಿಲ್ಲ. ಇಂದು ಎರಡನ್ನೂ ಸೇರಿಸಿದ್ದೇವೆ.

ಒಂದು ಮಾತನ್ನು ಮಾತ್ರ ತಮ್ಮ ಸಿಟ್ಟಿನ ಬಗ್ಗೆ ಪೂರ್ತಿ ಗೌರವ ಇಟ್ಟುಕೊಂಡೇ ಹೇಳಬೇಕಾಗಿದೆ. ಸೀರೆ ನೇಯ್ದವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ತಾವು ಕೇಳಿದ್ದೀರಿ. ಅದನ್ನು ನಾನು ಒಪ್ಪಲಾರೆ. ಅವರು ಒಪ್ಪಿಕೊಂಡ ದಿನಕ್ಕಿಂತ ಮೊದಲೇ ಕೆಲಸ ಮುಗಿಸಿ ಕೊಟ್ಟಿದ್ದಾರೆ. ನೇಯ್ಗೆಯಲ್ಲಿ ನನಗೆ ದೋಷ ಕಾಣಲಿಲ್ಲ, ಅವರ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ. ಪಿನ್ ಕೋಡ್ ತಪ್ಪಿಗೂ ಫೋನಿನಲ್ಲಿ ಆದ ನಿರ್ಲಕ್ಷ್ಯಕ್ಕೂ ಉತ್ತರ ಕೊಡಬೇಕಾದವರು ಕಚೇರಿಯಲ್ಲಿ ಕೂತ ನಾವು.

ಹಣದ ವಿಚಾರ. ಸೀರೆಯ ಬೆಲೆ 6,850 ರೂಪಾಯಿ, ಸಾಗಣೆಯ 180 ರೂಪಾಯಿ, ಒಟ್ಟು 7,030 ರೂಪಾಯಿಯನ್ನು ತಾವು ಪಾವತಿಸಿದ ಖಾತೆಗೇ ಇಂದು ಬೆಳಿಗ್ಗೆ 11 ಗಂಟೆಗೆ ಮರಳಿ ಕಳಿಸಿದ್ದೇವೆ. ಸೋಮವಾರ 24ರ ಒಳಗೆ ಜಮೆಯಾಗದಿದ್ದರೆ ಈ ಪತ್ರಕ್ಕೇ ಒಂದು ಸಾಲಿನ ಉತ್ತರ ಬರೆಯಿರಿ, ಬ್ಯಾಂಕಿನೊಡನೆ ನಾನೇ ವಿಚಾರಿಸುತ್ತೇನೆ. ಶನಿವಾರ ರಾತ್ರಿ ತಾವು ಕೊಂಡ ಸೀರೆಯ 4,200 ರೂಪಾಯಿಯನ್ನೂ ಕೊಡಬೇಕೆಂದು ಕೇಳಿದ್ದೀರಿ. ಆ ಸೀರೆ ತಮ್ಮ ಬಳಿಯೇ ಉಳಿಯುವುದರಿಂದ ಆ ಮೊತ್ತವನ್ನು ನಗದಾಗಿ ಕೊಡಲು ನಮ್ಮಿಂದ ಆಗುವುದಿಲ್ಲ. ಆದರೆ ಆ ಖರ್ಚು ನಮ್ಮಿಂದಲೇ ತಮ್ಮ ಮೇಲೆ ಬಿತ್ತು ಎಂಬುದೂ ನಿಜ. ಆದ್ದರಿಂದ ಈ ಇಳಕಲ್ ಸೀರೆಯನ್ನು ಬಾಣಂತನದ ಹೊತ್ತಿಗೋ ಮಗುವಿನ ತೊಟ್ಟಿಲ ಕಾರ್ಯಕ್ಕೋ ಮಗಳಿಗೆ ಉಡಿಸಲು ತಮಗೆ ಮನಸ್ಸಾದರೆ, ಬೆಲೆಯಲ್ಲಿ 4,200 ಕಳೆದು ಉಳಿದ 2,650 ರೂಪಾಯಿಯನ್ನು ಮಾತ್ರ ಕಟ್ಟಿದರೆ ಸಾಕು. ಬೇಡವೆನಿಸಿದರೆ ನಮ್ಮ ಖರ್ಚಿನಲ್ಲಿಯೇ ಸೀರೆಯನ್ನು ಹಿಂದಕ್ಕೆ ತರಿಸಿಕೊಳ್ಳುತ್ತೇವೆ. ಅವಸರವಿಲ್ಲ, ಈ ತಿಂಗಳ ಕೊನೆಯವರೆಗೆ ಯೋಚಿಸಿ ತಿಳಿಸಬಹುದು. ತಾವು ಯಾವುದನ್ನು ಆರಿಸಿದರೂ ಮರಳಿಸಿದ ಹಣವನ್ನು ತಡೆಹಿಡಿಯುವುದಿಲ್ಲ.

ಗ್ರಾಹಕರ ಆಯೋಗಕ್ಕೆ ಹೋಗುವುದಾಗಿಯೂ ಬರೆದಿದ್ದೀರಿ. ಅದು ತಮ್ಮ ಹಕ್ಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಕಾನೂನಿನಲ್ಲಿ ಎರಡು ವರ್ಷದ ಅವಧಿಯಿದೆ. ತಾವು ದೂರು ಕೊಟ್ಟರೆ ಈ ಪತ್ರವನ್ನೂ ಅದರೊಡನೆ ಇಡಬಹುದು, ಇದರಲ್ಲಿ ಒಪ್ಪಿಕೊಂಡ ತಪ್ಪುಗಳನ್ನು ಅಲ್ಲಿಯೂ ಒಪ್ಪಿಕೊಳ್ಳುತ್ತೇನೆ.

ಇಂದು ಸಂಜೆ 5ರಿಂದ 6ರ ನಡುವೆ ನಾನೇ ತಮಗೆ ಕರೆ ಮಾಡುತ್ತೇನೆ. ಮಾತನಾಡುವ ಮನಸ್ಸಿಲ್ಲದಿದ್ದರೆ ಫೋನ್ ತೆಗೆಯದೆ ಬಿಡಿ, ಎರಡನೆಯ ಸಲ ತೊಂದರೆ ಕೊಡುವುದಿಲ್ಲ. ತಮ್ಮ ಮಗಳು ಆರೋಗ್ಯವಾಗಿರಲಿ, ಹೆರಿಗೆ ಸುಸೂತ್ರವಾಗಲಿ.

ತಮ್ಮ ವಿಶ್ವಾಸಿ,
ಮಲ್ಲಿಕಾರ್ಜುನ
ಗ್ರಾಹಕರ ದೂರು ವಿಚಾರಣಾ ಅಧಿಕಾರಿ