ತಡವಾಗಿ ತಲುಪಿದ ಬಗ್ಗೆ ವರದಿ: ಹಾವು ಕಡಿತ, ಗುಡ್ಡೇಕೇರಿ ಒಳರಸ್ತೆ, 17-7-2025

ಜಿಲ್ಲಾ ಮೇಲ್ವಿಚಾರಕರಿಗೆ, ತೀರ್ಥಹಳ್ಳಿ ಆಂಬುಲೆನ್ಸ್‌ನ ಇಎಂಟಿ ಮತ್ತು ಪೈಲಟ್ ಇಬ್ಬರೂ ಸೇರಿ ಬರೆಯುತ್ತಿರುವುದು.

ಸರ್, ಟ್ರಿಪ್ ಶೀಟ್‌ನಲ್ಲಿ ಸಮಯ ಎಲ್ಲ ಇದೆ. ಆದರೆ ಅದರಲ್ಲಿ "ಮರ ಬಿದ್ದಿತ್ತು" ಅಂತ ಒಂದೇ ಸಾಲು ಹಿಡಿಸುತ್ತದೆ. ನಡೆದದ್ದು ಅಷ್ಟೇ ಅಲ್ಲ, ಅದಕ್ಕೇ ಬೇರೆ ಬರೆದಿದ್ದೇವೆ.

ಮನೆಯವರು ಕರೆ ಮಾಡಿದ್ದು 18:42ಕ್ಕೆ. ನಮಗೆ ಕೇಸ್ ಬಂದಿದ್ದು 18:44, ಗಾಡಿ ಹೊರಟಿದ್ದು 18:46. ರೋಗಿ ಹೆಂಗಸು, ವಯಸ್ಸು 46, ಸಂಜೆ ಆರೂಕಾಲರ ಹೊತ್ತಿಗೆ ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುವಾಗ ಬಲಗಾಲಿಗೆ ಹಾವು ಕಡಿದಿದೆ ಅಂತ ಮಾಹಿತಿ. ಮನೆ ಇರುವುದು ಗುಡ್ಡೇಕೇರಿಯಿಂದ ಒಳಗೆ. ಮಳೆಗಾಲದಲ್ಲೂ ನಾವು ಅಲ್ಲಿಗೆ 40 ನಿಮಿಷದಲ್ಲಿ ಹೋಗಿದ್ದೇವೆ. ಈ ಸಲ ರೋಗಿಯ ಹತ್ತಿರ ತಲುಪಿದ್ದು 20:04ಕ್ಕೆ, ಅಂದರೆ 78 ನಿಮಿಷ. 38 ನಿಮಿಷ ತಡ.

ಮೇಗರವಳ್ಳಿ ದಾಟಿ ಸ್ವಲ್ಪ ಮುಂದೆ, 19:12ಕ್ಕೆ, ಒಂದು ದೊಡ್ಡ ಅಕೇಶಿಯಾ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಬರೀ ಮರ ಆಗಿದ್ದರೆ ಅಲ್ಲಿದ್ದ ಜನರೇ ಹತ್ತು ಹನ್ನೆರಡು ನಿಮಿಷದಲ್ಲಿ ಕಡಿದು ಹಾಕುತ್ತಿದ್ದರು, ಒಬ್ಬರ ಪಿಕಪ್‌ನಲ್ಲಿ ಮರ ಕೊಯ್ಯುವ ಮಿಷನ್ನೂ ಇತ್ತು. ಆದರೆ ಕರೆಂಟ್ ತಂತಿ ಕೊಂಬೆಗೆ ಸುತ್ತಿಕೊಂಡು ನೀರಿನಲ್ಲಿ ಬಿದ್ದಿತ್ತು. ಲೈನ್ ಆಫ್ ಆಗಿದೆ ಅಂತ ಖಾತ್ರಿ ಇಲ್ಲದೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ಒಬ್ಬರು "ಏನಾಗಲ್ಲ ಬಿಡಿ ಸರ್, ಸತ್ತ ಲೈನು" ಅಂತ ಮಚ್ಚು ಹಿಡಿದು ಹೊರಟಿದ್ದರು, ಅವರ ಕೈ ಹಿಡಿದು ಪೈಲಟ್ ನಿಲ್ಲಿಸಿದರು. ಅಲ್ಲಿ ನೆಟ್‌ವರ್ಕ್ ಇಲ್ಲ. ಒಬ್ಬ ಹುಡುಗ ಬೈಕಿನಲ್ಲಿ ಸಿಗ್ನಲ್ ಸಿಗುವ ಜಾಗದವರೆಗೆ ವಾಪಸ್ ಹೋಗಿ, ಲೈನ್‌ಮನ್ ಜೊತೆ ಮಾತಾಡಿ, ಆಫ್ ಆಗಿದೆ ಅಂತ ಬಂದು ಹೇಳಿದ್ದು 19:29ಕ್ಕೆ. ಆಮೇಲೆ ಕೊಯ್ದು ಸರಿಸಲು 12 ನಿಮಿಷ. 19:41ಕ್ಕೆ ಒಂದು ಗಾಡಿ ಹೋಗುವಷ್ಟು ಜಾಗ ಆಯಿತು. ತಂತಿಗಾಗಿ ಕಾದ ಆ 17 ನಿಮಿಷದ ಬಗ್ಗೆ ನಮಗೆ ಎರಡು ಮಾತಿಲ್ಲ, ನಾಳೆ ಹೀಗೇ ಆದರೂ ಕಾಯುತ್ತೇವೆ.

ಎರಡನೇ ಅಡ್ಡಿ ಒಳರಸ್ತೆಯ ಮೋರಿ. 19:55ಕ್ಕೆ ಅಲ್ಲಿ ತಲುಪಿದಾಗ ನೀರು ಮೋರಿಯ ಮೇಲೆ ಹರಿಯುತ್ತಿತ್ತು, ಅಂಚು ಕಾಣುತ್ತಿರಲಿಲ್ಲ. ಗಾಡಿ ಇಳಿಸಲಿಲ್ಲ. ಸ್ಟ್ರೆಚರ್, ಆಕ್ಸಿಜನ್‌ನ ಸಣ್ಣ ಸಿಲಿಂಡರ್, ಆಂಬು ಬ್ಯಾಗ್, ಕೈಯಿಂದ ಒತ್ತುವ ಸಕ್ಷನ್ ಪಂಪು ಹೊತ್ತು ಪಕ್ಕದ ತೋಟದ ಕಾಲುಸಂಕ ದಾಟಿ ನಡೆದೆವು. ಸುಮಾರು 600 ಮೀಟರ್, 9 ನಿಮಿಷ.

ಹೋದಾಗ ಅಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಗ ಹೆಡೆ ನೋಡಿದ್ದಾನೆ, ಕಡಿದ ಜಾಗ ಪಾದದ ಹೊರಬದಿ, ಊತ ಪಾದದ ಗಂಟಿನವರೆಗೆ. ಕಡಿದ ಮೇಲೆ ತೋಟದಿಂದ ಮನೆಗೆ ನಡೆದೇ ಬಂದಿದ್ದಾರೆ. ಮಂಡಿ ಕೆಳಗೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದರು, ಕಟ್ಟಿದ್ದು 18:20ಕ್ಕೆ. ಹಗ್ಗದ ಸಂದಿಗೆ ಒಂದು ಬೆರಳು ತೂರುತ್ತಿತ್ತು, ಪಾದದಲ್ಲಿ ನಾಡಿ ಸಿಗುತ್ತಿತ್ತು. ಹಗ್ಗ ಒಮ್ಮೆಲೇ ಬಿಚ್ಚಿದರೆ ವಿಷ ಒಟ್ಟಿಗೆ ಏರಬಹುದು, ಎಎಸ್‌ವಿ ನಮ್ಮ ಕೈಲಿಲ್ಲ, ಹಾಗಾಗಿ ಬಿಚ್ಚಲಿಲ್ಲ. ಕಾಲಿಗೆ ಸ್ಪ್ಲಿಂಟ್ ಹಾಕಿ ಅಲುಗಾಡದಂತೆ ಮಾಡಿದೆವು.

20:06ರ ಲೆಕ್ಕ: ಬಿಪಿ 136/84, ನಾಡಿ 104, ಉಸಿರು ನಿಮಿಷಕ್ಕೆ 20, ಆಕ್ಸಿಜನ್ 97. ಮಾತು ಸ್ಪಷ್ಟ. ಎರಡೂ ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಒಂದೇ ಉಸಿರಲ್ಲಿ ಎಣಿಸಿ ಅಮ್ಮ ಅಂದೆ, 26ರವರೆಗೆ ಎಣಿಸಿದರು. ಏಳು ಗಂಟೆಗೆ ಕಣ್ಣು ಸರಿ ಇತ್ತು, ರೆಪ್ಪೆ ಭಾರ ಅಂದಿದ್ದು ಏಳೂ ನಲವತ್ತರ ಮೇಲೆ ಅಂತ ಮಗ ಹೇಳಿದ.

ಊರಿನವರು ನಾಲ್ಕು ಜನ ಸ್ಟ್ರೆಚರ್‌ಗೆ ಕೈ ಕೊಟ್ಟರು. ಕಾಲುಸಂಕದ ಮೇಲೆ ಇಬ್ಬರೇ ಹೋಗಬಹುದು, ಒಬ್ಬರು ಕೆಳಗೆ ಸೊಂಟದ ನೀರಿನಲ್ಲಿ ನಿಂತು ಸ್ಟ್ರೆಚರ್‌ಗೆ ಆಸರೆ ಕೊಟ್ಟರು. ಗಾಡಿ ಹೊರಟಿದ್ದು 20:31.

ಹತ್ತಿರದಲ್ಲಿ ಯಾವ ಆರೋಗ್ಯ ಕೇಂದ್ರದಲ್ಲಿ ಆ ಹೊತ್ತಿಗೆ ವೈದ್ಯರು ಇದ್ದಾರೆ ಅಂತ ಕೇಳಲು ಸಿಗ್ನಲ್ ಇರಲಿಲ್ಲ. ಉಸಿರು ನಿಂತರೆ ಟ್ಯೂಬ್ ಹಾಕುವವರು ಬೇಕು, ಅದಕ್ಕೆ ನೇರ ತಾಲ್ಲೂಕು ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಎಣಿಸುತ್ತಾ ಬಂದರು. 20:35ಕ್ಕೆ 19. 20:58ಕ್ಕೆ 14, ಆಗ ಎಂಜಲು ನುಂಗಲು ಕಷ್ಟ ಅಂತ ಕೈ ಸನ್ನೆ ಮಾಡಿದರು, ಎಡಮಗ್ಗುಲಿಗೆ ಮಲಗಿಸಿ ಸಕ್ಷನ್ ಮಾಡಿದೆ. 21:05ಕ್ಕೆ ಆಕ್ಸಿಜನ್ 88ಕ್ಕೆ ಇಳಿಯಿತು. ಮತ್ತೆ ಸಕ್ಷನ್ ಮಾಡಿ, ಮಾಸ್ಕ್ 8 ಲೀಟರ್‌ಗೆ ಏರಿಸಿದ ಮೇಲೆ 93 ಬಂತು. ಆಂಬು ಬ್ಯಾಗ್ ಕೈಯಲ್ಲೇ ಹಿಡಿದು ಕೂತಿದ್ದೆ, ಒತ್ತುವ ಪ್ರಸಂಗ ಬರಲಿಲ್ಲ. ಸಿಗ್ನಲ್ ಸಿಕ್ಕ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ, ನಾಗರಹಾವು, ನರದ ವಿಷ, ಉಸಿರು ಸೋಲುತ್ತಿದೆ ಅಂತ ತಿಳಿಸಿದೆವು. ತಲುಪಿದ್ದು 21:18.

21:22ಕ್ಕೆ ಒಪ್ಪಿಸುವಾಗ ಸ್ಥಿತಿ: ಬಿಪಿ 148/90, ನಾಡಿ 118, ಉಸಿರು 28, ಮೇಲುಮೇಲಿನ ಉಸಿರು, ಮಾಸ್ಕ್ ಇದ್ದೂ ಆಕ್ಸಿಜನ್ 92. ಎಣಿಕೆ 9. ರೆಪ್ಪೆ ಪೂರ್ತಿ ಮುಚ್ಚಿದೆ, ತಲೆ ದಿಂಬಿನಿಂದ ಎತ್ತಲು ಆಗುತ್ತಿಲ್ಲ, ಮಾತು ತೊದಲು. ಜ್ಞಾನ ಪೂರ್ತಿ ಇದೆ. ಕೈ ಒತ್ತಿ ಅಂದರೆ ಒತ್ತುತ್ತಾರೆ. ಇದನ್ನು ಡ್ಯೂಟಿ ಡಾಕ್ಟರ್‌ಗೆ ಎರಡು ಸಲ ಹೇಳಿದೆ, ಯಾಕಂದ್ರೆ ಕಣ್ಣು ಮುಚ್ಚಿದ್ದನ್ನು ನೋಡಿ ಪ್ರಜ್ಞೆ ಇಲ್ಲ ಅಂದುಕೊಳ್ಳುವುದು ಸುಲಭ. ಅವರಿಗೆ ಎಲ್ಲಾ ಕೇಳಿಸುತ್ತಿತ್ತು. ಎಎಸ್‌ವಿ 10 ವಯಲ್ 21:31ಕ್ಕೆ ಶುರು ಮಾಡಿದರು. ಅದು ಹೋಗುತ್ತಿರುವಾಗ, 21:40ಕ್ಕೆ, ಡಾಕ್ಟರ್ ಎದುರಿಗೇ ಹಗ್ಗ ಬಿಚ್ಚಿದರು.

ಈಗ ಮುಖ್ಯ ವಿಷಯ. ಆ ಮನೆ ಅಂಗಳದಲ್ಲಿ ಜೀಪು ನಿಂತಿತ್ತು. ನಾವೇ ಎದುರು ಕರ್ಕೊಂಡು ಬರ್ಲಾ ಅಂತ ಮಗ ಮೊದಲ ಕರೆಯಲ್ಲೇ ಕೇಳಿದ್ದಾನೆ, ಗಾಡಿ ಹೊರಟಿದೆ, ಅಲ್ಲೇ ಇರಿ ಅಂತ ಉತ್ತರ ಸಿಕ್ಕಿದೆ. ಹೇಳಿದವರ ಉದ್ದೇಶ ಒಳ್ಳೆಯದೇ. ಆದರೆ ಮೋರಿ ಮೇಲೆ ನೀರು ಬಂದಿದ್ದು ಏಳೂಕಾಲರ ನಂತರ ಅಂತ ಊರವರು ಹೇಳುತ್ತಾರೆ. ಆಗಲೇ ಹೊರಟಿದ್ದರೆ ಮರದ ಆಚೆ ಬದಿಯಲ್ಲಿ ಸಿಗುತ್ತಿದ್ದರು. 19:41ಕ್ಕೆ ಅಮ್ಮ ನಮ್ಮ ಗಾಡಿಯಲ್ಲಿ ಇರುತ್ತಿದ್ದರು. ಮರದಿಂದ ಮೋರಿಗೆ ಹೋಗಿ ಬರುವ ಸಮಯವೂ ಸೇರಿ ಒಂದು ಗಂಟೆಗೂ ಹೆಚ್ಚು ಉಳಿಯುತ್ತಿತ್ತು ಸರ್, ರೆಪ್ಪೆ ಬೀಳಲು ಶುರುವಾದ ಹೊತ್ತಿಗೇ. ನಮ್ಮ ತಪ್ಪೂ ಇದೆ: ಸಿಗ್ನಲ್ ಇದ್ದಾಗಲೇ, ಮೇಗರವಳ್ಳಿಗೂ ಮೊದಲು, ಮನೆಗೆ ಫೋನ್ ಮಾಡಿ ನಿಮ್ಮಲ್ಲಿ ಗಾಡಿ ಇದೆಯಾ, ರಸ್ತೆ ಹೇಗಿದೆ ಅಂತ ನಾವು ಕೇಳಬೇಕಿತ್ತು. ಕೇಳಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆಯ ಹಾವು ಕಡಿತದ ಕರೆಗಳಲ್ಲಿ ಈ ಎರಡು ಪ್ರಶ್ನೆ ಮೊದಲೇ ಕೇಳುವಂತೆ ಆಗಬೇಕು, ಗಾಡಿ ಇದ್ದರೆ ಕಾಲು ಅಲುಗಾಡದಂತೆ ಮಲಗಿಸಿ ಎದುರು ಬರಲು ಹೇಳಬೇಕು. ನಾವು 18ನೇ ತಾರೀಖಿನಿಂದಲೇ ಫೋನ್ ಮಾಡಿ ಕೇಳಲು ಶುರು ಮಾಡುತ್ತೇವೆ. ಒಂದು ಕೈಗರಗಸ ಮತ್ತು ಒಳ್ಳೆ ಟಾರ್ಚ್ ಗಾಡಿಗೆ ಕೊಡಿಸಿ, ಈಗಿನ ಟಾರ್ಚ್ ಕಾಲುಸಂಕದ ಮೇಲೆ ಆರಿಹೋಯಿತು.

ಸಿಲಿಂಡರ್ ಬದಲಾಯಿಸಿ, ಸಕ್ಷನ್ ತೊಳೆದು, 22:25ಕ್ಕೆ ಗಾಡಿ ಮತ್ತೆ ಡ್ಯೂಟಿಗೆ ಸಿದ್ಧವಾಯಿತು.