ಫೈಬರ್ ಸಂಪರ್ಕ ಕಡಿತ, ಶಿರಸಿ ತಾಲ್ಲೂಕು ವಾನಳ್ಳಿ ಮಾರ್ಗ: ಕರೆಯ ಪಠ್ಯ ಮತ್ತು ದೂರು ಟಿಕೆಟ್

ಕರೆಯ ಪಠ್ಯ (ಜುಲೈ 14, ಬೆಳಿಗ್ಗೆ 9.20)

ಸಿಬ್ಬಂದಿ: ನಮಸ್ಕಾರ ಸರ್, ಏನು ತೊಂದರೆಯಾಗಿದೆ ಹೇಳಿ.

ಗ್ರಾಹಕರು: ನಿನ್ನೆ ರಾತ್ರಿಯಿಂದ ನೆಟ್ ಇಲ್ಲ ತಂಗಿ. ಗಾಳಿ, ಮಳೆ ಜೋರಿತ್ತು. ಕರೆಂಟು ಹೋಗಿ ಬೆಳಗಿನ ಜಾವ ಬಂತು. ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿದೆ.

ಸಿಬ್ಬಂದಿ: ಆ ದೀಪದ ಹತ್ತಿರ `LOS` ಎಂದು ಬರೆದಿದೆಯೇ?

ಗ್ರಾಹಕರು: ಹೌದು, ಅದೇ. ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ಹಾಕಿದೆ. ಹಳದಿ ವಯರು ತೆಗೆದು ಮತ್ತೆ ಸಿಕ್ಕಿಸಿದೆ. ಏನೂ ಆಗಲಿಲ್ಲ.

ಸಿಬ್ಬಂದಿ: ಹಿಂಬದಿಯ ಸಣ್ಣ ತೂತಿನ ರೀಸೆಟ್ ಒತ್ತಿದ್ದೀರಾ ಸರ್?

ಗ್ರಾಹಕರು: ಇಲ್ಲ, ಅದನ್ನು ಮುಟ್ಟಲಿಲ್ಲ. ತೋಟದ ದಾರಿಯಲ್ಲಿ ಮತ್ತಿ ಮರದ ಟೊಂಗೆ ಬಿದ್ದು ನಿಮ್ಮ ವಯರು ಜೋತಾಡುತ್ತಿದೆ ಅಂತ ಕೆಲಸದವ ಹೇಳಿದ. ನಾನು ನೋಡಿಲ್ಲ. ಮೇಲಿನ ಮನೆಯವರಿಗೆ ನೆಟ್ ಬರ್ತಾ ಇದೆಯಂತೆ.

ಸಿಬ್ಬಂದಿ: ಇದೇ ನಂಬರಿಗೆ ವಾಪಸ್ ಫೋನ್ ಮಾಡಬಹುದೇ?

ಗ್ರಾಹಕರು: ಮನೆಯಲ್ಲಿ ಸಿಗ್ನಲ್ ಇಲ್ಲ, ಈಗ ಗುಡ್ಡ ಹತ್ತಿ ಮಾತಾಡ್ತಿದ್ದೇನೆ. ವೈಫೈ ಇದ್ದರಷ್ಟೇ ಫೋನು. ಆಯಿಗೆ ಹೃದಯದ ಕಾಯಿಲೆ, ಮೊನ್ನೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದಾಳೆ. ಆದರೂ ಅಡ್ಡಿಲ್ಲ, ನಾಡಿದ್ದು ಬಂದರೂ ಆಯ್ತು. ಮಳೆ ಬಿಟ್ಟರೆ ತೋಟದಲ್ಲಿ ಕೊಳೆಮದ್ದು ಹೊಡೆಯಲಿಕ್ಕಿದೆ, ಅಲ್ಲೇ ಇರ್ತೇನೆ.

ದೂರು ಟಿಕೆಟ್

ಸಮಸ್ಯೆ: ಜುಲೈ 13ರ ರಾತ್ರಿಯ ಗಾಳಿಮಳೆಯ ನಂತರ ಗ್ರಾಹಕರ ಮನೆಯ ಫೈಬರ್ ಸಂಪರ್ಕ ಪೂರ್ಣವಾಗಿ ನಿಂತಿದೆ. ವಿದ್ಯುತ್ ಮರಳಿ ಬಂದು ಮೋಡೆಮ್ ಚಾಲನೆಯಲ್ಲಿದ್ದರೂ `LOS` ದೀಪ ಕೆಂಪಾಗಿ ಮಿಣುಕುತ್ತಿದೆ. ಅಂದರೆ ಫೈಬರಿನ ಮೂಲಕ ಬರಬೇಕಾದ ಬೆಳಕಿನ ಸಂಕೇತ ಮೋಡೆಮ್‌ಗೆ ತಲುಪುತ್ತಿಲ್ಲ. ದೀಪದ ಸ್ಥಿತಿಯನ್ನು ಗ್ರಾಹಕರು ಸ್ವತಃ ನೋಡಿ ಹೇಳಿದ್ದಾರೆ. ಮರದ ಟೊಂಗೆ ಬಿದ್ದು ಕೇಬಲ್ ಜೋತಾಡುತ್ತಿರುವುದು ಮತ್ತು ಮೇಲಿನ ಮನೆಯಲ್ಲಿ ಸಂಪರ್ಕ ಸರಿಯಿರುವುದು ಮಾತ್ರ ಅವರು ಬೇರೆಯವರಿಂದ ಕೇಳಿದ ವಿಷಯಗಳಾಗಿದ್ದು, ಸ್ಥಳದಲ್ಲಿ ಖಚಿತಪಡಿಸಿಕೊಳ್ಳಬೇಕಾಗಿದೆ. ಇವೆರಡೂ ನಿಜವಾಗಿದ್ದರೆ ದೋಷವು ಮುಖ್ಯ ಮಾರ್ಗದಲ್ಲಿ ಇರದೆ, ಹಂಚಿಕೆ ಪೆಟ್ಟಿಗೆಯಿಂದ ಈ ಮನೆಗೆ ಎಳೆದ ಕೇಬಲಿನಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಇದು ನನ್ನ ಊಹೆಯೇ ಹೊರತು ಗ್ರಾಹಕರು ಹೇಳಿದ ಮಾತಲ್ಲ.

ಈಗಾಗಲೇ ಪ್ರಯತ್ನಿಸಿದ ಕ್ರಮಗಳು: ಗ್ರಾಹಕರು ಮೋಡೆಮ್ ಆರಿಸಿ, ಹತ್ತು ನಿಮಿಷಗಳ ನಂತರ ಮತ್ತೆ ಚಾಲೂ ಮಾಡಿದ್ದಾರೆ. ಹಳದಿ ಫೈಬರ್ ವಯರನ್ನು ತೆಗೆದು ಮರಳಿ ಜೋಡಿಸಿದ್ದಾರೆ. ಎರಡರಿಂದಲೂ ದೀಪದ ಸ್ಥಿತಿ ಬದಲಾಗಿಲ್ಲ. ರೀಸೆಟ್ ಒತ್ತಿಲ್ಲವಾದ್ದರಿಂದ ಮೋಡೆಮ್‌ನ ಸೆಟ್ಟಿಂಗ್ ಹಾಗೆಯೇ ಉಳಿದಿರುತ್ತದೆ. ಇದೇ ಕ್ರಮಗಳನ್ನು ಪುನಃ ಮಾಡಿಸುವುದಕ್ಕಾಗಿ ಅವರಿಗೆ ಕರೆ ಮಾಡಬಾರದೆಂದು ಕೋರುತ್ತೇನೆ. ಮಳೆಯಲ್ಲಿ ಗುಡ್ಡ ಹತ್ತಿ ಬಂದವರನ್ನು ಮತ್ತೆ ಮನೆಗೆ ಇಳಿಸಿ ದೀಪ ನೋಡಿಸುವುದರಿಂದ ಹೊಸದೇನೂ ತಿಳಿಯುವುದಿಲ್ಲ.

ತುರ್ತು: ಅತಿ ಹೆಚ್ಚು, ಇಂದೇ ಹೋಗಬೇಕು. ನಾಡಿದ್ದು ಬಂದರೂ ಆದೀತು ಎಂದು ಗ್ರಾಹಕರು ಸೌಜನ್ಯದಿಂದ ಹೇಳಿದ್ದಾರೆ. ಆದರೆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಫೋನ್ ಕರೆಗೂ ಅವರು ವೈಫೈಯನ್ನೇ ಅವಲಂಬಿಸಿದ್ದಾರೆ, ಮತ್ತು ಹೃದಯದ ಕಾಯಿಲೆಗೆ ಚಿಕಿತ್ಸೆ ಪಡೆದ ಅವರ ತಾಯಿ ಇತ್ತೀಚೆಗಷ್ಟೇ ಆಸ್ಪತ್ರೆಯಿಂದ ಮರಳಿದ್ದಾರೆ. ರಾತ್ರಿ ಅವರ ಆರೋಗ್ಯ ಕೆಟ್ಟರೆ 108ಕ್ಕೆ ಕರೆ ಮಾಡಲು ಯಾರಾದರೂ ಕತ್ತಲೆಯಲ್ಲಿ, ಮಳೆಯಲ್ಲಿ ಗುಡ್ಡ ಹತ್ತಬೇಕಾಗುತ್ತದೆ. ಆದ್ದರಿಂದ ಇದನ್ನು ಒಂದು ಮನೆಯ ಸಾಮಾನ್ಯ ಇಂಟರ್ನೆಟ್ ದೂರೆಂದು ಸರದಿಯಲ್ಲಿ ಇಡದೆ, ದೂರವಾಣಿಯೇ ಕಡಿದುಹೋದ ಪ್ರಕರಣವೆಂದು ಪರಿಗಣಿಸಬೇಕು. ಆದ್ಯತೆಯನ್ನು ಇಳಿಸಬೇಕೆಂದು ಯಾರಿಗಾದರೂ ಅನ್ನಿಸಿದರೆ, ದಯವಿಟ್ಟು ಮೊದಲು ನನ್ನೊಂದಿಗೆ ಮಾತನಾಡಿ.

ಸಂಪರ್ಕಿಸುವ ಬಗೆ: ನೋಂದಾಯಿತ ಮೊಬೈಲಿಗೆ ಕರೆ ಹೋಗುವುದಿಲ್ಲ. ಕರೆ ಸಿಗಲಿಲ್ಲವೆಂಬ ಕಾರಣಕ್ಕೆ ಟಿಕೆಟನ್ನು ತಡೆಹಿಡಿಯಬಾರದು. ತಂತ್ರಜ್ಞರು ನೇರವಾಗಿ ಮನೆಗೆ ಹೋಗಲಿ. ಮಳೆ ಬಿಟ್ಟಿದ್ದರೆ ಗ್ರಾಹಕರು ಅಡಿಕೆ ತೋಟದಲ್ಲಿರುತ್ತಾರೆ.

ತಂತ್ರಜ್ಞರಿಗೆ ಸೂಚನೆ: ಟೊಂಗೆ ಬಿದ್ದ ಜಾಗದಲ್ಲಿ ವಿದ್ಯುತ್ ತಂತಿಯೂ ಇದೆಯೇ ಎಂಬುದನ್ನು ನಾನು ಕೇಳಿಲ್ಲ. ಫೈಬರಿನಲ್ಲಿ ವಿದ್ಯುತ್ ಹರಿಯದಿದ್ದರೂ, ಮೇಲಿನಿಂದ ಎಳೆಯುವ ಕೇಬಲಿನಲ್ಲಿ ಆಧಾರಕ್ಕಾಗಿ ಉಕ್ಕಿನ ತಂತಿ ಇರಬಹುದಾದ್ದರಿಂದ, ಅದು ವಿದ್ಯುತ್ ತಂತಿಗೆ ತಾಗಿಲ್ಲವೆಂದು ಖಚಿತವಾಗುವವರೆಗೆ ಮುಟ್ಟಬಾರದು; ತಾಗಿದ್ದರೆ ಲೈನ್‌ಮನ್ ಬಂದು ಪೂರೈಕೆ ನಿಲ್ಲಿಸುವವರೆಗೆ ಕಾಯಬೇಕು. ಹೊಸ ಕೇಬಲ್ ಮತ್ತು ಸ್ಪ್ಲೈಸಿಂಗ್ ಯಂತ್ರವನ್ನು ಜೊತೆಯಲ್ಲೇ ಒಯ್ಯಿರಿ, ಇಲ್ಲವಾದರೆ ಶಿರಸಿಗೆ ಮರಳಿ ಬರುವುದರಲ್ಲೇ ದಿನ ಕಳೆಯುತ್ತದೆ. ದುರಸ್ತಿಯ ನಂತರ ಮೋಡೆಮ್ ತುದಿಯಲ್ಲಿ ಬೆಳಕಿನ ಮಟ್ಟವನ್ನು ಅಳೆದು ಇಲ್ಲಿ ದಾಖಲಿಸಬೇಕು; ಅದು `-27 dBm`ಗಿಂತ ಕೆಳಗಿದ್ದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು.

ಟಿಕೆಟ್ ಮುಚ್ಚುವ ಷರತ್ತು: ಕೆಂಪು ದೀಪ ಆರಿದರಷ್ಟೇ ಸಾಲದು. ಗ್ರಾಹಕರ ಮೊಬೈಲಿನಿಂದ ಮನೆಯೊಳಗೇ ವೈಫೈ ಮೂಲಕ ನಮ್ಮ ಕಚೇರಿಗೆ ಒಂದು ಕರೆ ಮಾಡಿಸಿ, ಎರಡೂ ಕಡೆಯ ಮಾತು ಸ್ಪಷ್ಟವಾಗಿ ಕೇಳಿಸಿದ ಮೇಲೆ ಮುಚ್ಚಬೇಕು.