ವಾರಂಟಿ ಅವಧಿಯೊಳಗೆ ಸ್ಮಾರ್ಟ್‌ವಾಚ್‌ನ ಟಚ್‌ಸ್ಕ್ರೀನ್ ಕೆಟ್ಟಿರುವ ಬಗ್ಗೆ ದೂರು

ದಿನಾಂಕ: 30 ಮಾರ್ಚ್ 2026

ಇವರಿಗೆ,
ವ್ಯವಸ್ಥಾಪಕರು,
ಅಧಿಕೃತ ವಾಚ್ ಸರ್ವಿಸ್ ಸೆಂಟರ್

ವಿಷಯ: ಟಚ್‌ಸ್ಕ್ರೀನ್ ದೋಷವನ್ನು ವಾರಂಟಿಯಡಿ ಉಚಿತವಾಗಿ ಸರಿಪಡಿಸಿಕೊಡುವ ಬಗ್ಗೆ

ಉಲ್ಲೇಖ: ಜಾಬ್ ಶೀಟ್ ಸಂಖ್ಯೆ 26031187, ವಾಚ್‌ನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳು 7K42

ಮಾನ್ಯರೇ,

ಮೇಲಿನ ಜಾಬ್ ಶೀಟ್‌ನಲ್ಲಿರುವ 46 ಮಿ.ಮೀ. ಅಮೋಲೆಡ್ ಸ್ಮಾರ್ಟ್‌ವಾಚನ್ನು 14 ಆಗಸ್ಟ್ 2025ರಂದು ಕೊಂಡಿದ್ದೇನೆ. 12 ತಿಂಗಳ ವಾರಂಟಿ 13 ಆಗಸ್ಟ್ 2026ರವರೆಗೆ ಇದೆ. ಮಾರ್ಚ್ ಮೊದಲ ವಾರದಲ್ಲಿ ಪರದೆಯ ಕೆಳಭಾಗ ಬೆರಳಿಗೆ ಸ್ಪಂದಿಸುವುದನ್ನು ನಿಲ್ಲಿಸಿತು. ನಿಮ್ಮಲ್ಲಿ ಕೊಟ್ಟಾಗ ಮೊದಲು ಸಾಫ್ಟ್‌ವೇರ್ ಮರುಸ್ಥಾಪಿಸಿ ವಾಪಸ್ ಕೊಟ್ಟಿರಿ. ದೋಷ ಅದೇ ಸಂಜೆ ಮರುಕಳಿಸಿತು. ಎರಡನೇ ಸಲ ಕೊಟ್ಟಾಗ ‘ಒಳಗೆ ತೇವಾಂಶ, ವಾರಂಟಿ ಅನ್ವಯಿಸದು’ ಎಂದು ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿ ವಾಚನ್ನು ಮರಳಿಸಿದಿರಿ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕಾರಣಗಳು ಇಲ್ಲಿವೆ.

ಚಿತ್ರ ಮೂಡುವುದರಲ್ಲಿ ಯಾವ ತೊಂದರೆಯೂ ಇಲ್ಲ: ಬಣ್ಣ, ಹೊಳಪು ಸರಿಯಾಗಿವೆ, ಗೆರೆಯಾಗಲಿ ಕಪ್ಪು ಚುಕ್ಕೆಯಾಗಲಿ ಕಾಣುವುದಿಲ್ಲ. ಬದಿಯ ಬಟನ್, ಹೃದಯ ಬಡಿತದ ಸೆನ್ಸರ್, ಬ್ಲೂಟೂತ್ ಎಲ್ಲವೂ ಕೆಲಸ ಮಾಡುತ್ತವೆ. ಕೆಟ್ಟಿರುವುದು ಟಚ್ ಮಾತ್ರ. ಪಿನ್ ಹಾಕುವ ಪರದೆಯಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. 1ರಿಂದ 6ರವರೆಗಿನ ಅಂಕಿಗಳು ಒತ್ತಿದ ತಕ್ಷಣ ದಾಖಲಾಗುತ್ತವೆ. 7, 8, 9 ಮತ್ತು 0 ಎಷ್ಟು ಒತ್ತಿದರೂ ಇಲ್ಲ. ಸತ್ತ ಭಾಗದ ಅಂಚು ಅಡ್ಡಲಾಗಿ ನೇರವಾಗಿದೆ. ಚಾರ್ಜಿಂಗ್‌ನಿಂದ ತೆಗೆದ ಕೂಡಲೇ, ವಾಚ್ ಬೆಚ್ಚಗಿರುವಾಗ, ಯಾರೂ ಮುಟ್ಟದೆಯೇ ಪರದೆ ತಾನಾಗಿ ಸ್ಕ್ರೋಲ್ ಆಗುತ್ತದೆ. ಕೆಳ ಅಂಚಿನ ಗಾಜನ್ನು ಹಗುರವಾಗಿ ಅದುಮಿದರೆ ಕೆಲವು ಕ್ಷಣ 7 ಮತ್ತು 8 ಕೆಲಸ ಮಾಡಿ ಮತ್ತೆ ನಿಲ್ಲುತ್ತವೆ.

ಟಚ್ ಪದರದಲ್ಲಿ ಕಣ್ಣಿಗೆ ಕಾಣದ ವಿದ್ಯುದ್ವಾಹಕ ಸಾಲುಗಳು ಜಾಲದಂತೆ ಹರಡಿರುತ್ತವೆ. ಕೆಲವು ಸಾಲುಗಳ ಸಂಪರ್ಕ ಕಡಿದರೆ ಹೀಗೆ ನೇರ ಪಟ್ಟಿಯಾಗಿಯೇ ಸತ್ತುಹೋಗುತ್ತದೆ. ನೀರು ಒಳಹೊಕ್ಕಿದ್ದರೆ ಸಾಮಾನ್ಯವಾಗಿ ಗಾಜಿನ ಒಳಗೆ ಮಂಜು, ಚಿತ್ರದಲ್ಲಿ ಕಲೆ, ನಿಶ್ಚಿತ ಆಕಾರವಿಲ್ಲದ ತೇಪೆಗಳು ಕಾಣಿಸುತ್ತವೆ. ಇಲ್ಲಿ ಅವು ಯಾವುವೂ ಇಲ್ಲ. ಅದುಮಿದಾಗ ಮರಳುವ ಟಚ್, ಬಿಸಿಯಾದಾಗ ಹೆಚ್ಚುವ ತೊಂದರೆ ಇವೆರಡೂ ಫ್ಲೆಕ್ಸ್ ಕೇಬಲ್ ಅಥವಾ ಅದರ ಕನೆಕ್ಟರ್ ಸಡಿಲವಾಗಿರುವ ಕಡೆಗೆ ಬೆರಳು ಮಾಡುತ್ತವೆ. ವಾಚ್ ಬಿಚ್ಚದೆ ಇದನ್ನು ಖಚಿತಪಡಿಸಲಾಗದು, ಆದರೆ ಬಿಚ್ಚಿ ನೋಡಬೇಕಾದ ಮೊದಲ ಜಾಗ ಅದೇ. ಗಾಜು ಚೌಕಟ್ಟಿಗೆ ಸಮವಾಗಿ ಕೂತಿದೆ, ಬಿರುಕಿಲ್ಲ, ಹೊಡೆತದ ಗುರುತಿಲ್ಲ. ಬ್ಯಾಟರಿ ಉಬ್ಬಿ ಪರದೆಯನ್ನು ಎತ್ತಿರುವ ಲಕ್ಷಣವೂ ಇಲ್ಲ.

ಸ್ಕ್ರೀನ್ ಗಾರ್ಡ್ ತೆಗೆದು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ವಾಟರ್ ಲಾಕ್ ಆಫ್ ಇದೆಯೆಂದು ಖಚಿತಪಡಿಸಿ, ರೀಸ್ಟಾರ್ಟ್ ಮಾಡಿ, ಕೊನೆಗೆ ಫೋನಿನ ಆ್ಯಪ್ ಮೂಲಕ ಫ್ಯಾಕ್ಟರಿ ರೀಸೆಟ್ ಕೂಡ ಮಾಡಲಾಗಿದೆ. ಆದ್ದರಿಂದ ಮತ್ತೊಮ್ಮೆ ಸಾಫ್ಟ್‌ವೇರ್ ಹಾಕುವುದು ಪರಿಹಾರವಲ್ಲ.

ವಾಚ್ ಮೇಲೆ 5 ಎಟಿಎಂ ಎಂದು ನಮೂದಿಸಲಾಗಿದೆ, ಅಂದರೆ 50 ಮೀಟರ್ ಆಳಕ್ಕೆ ಸಮನಾದ ಸ್ಥಿರ ಒತ್ತಡದ ಪರೀಕ್ಷೆಗೆ ಒಳಪಟ್ಟ ದರ್ಜೆ. ಕೈತೊಳೆಯುವುದು, ಬೆವರು, ಮಳೆಹನಿ ಇದಕ್ಕಿಂತ ಬಹಳ ಕಡಿಮೆ. ವಾಚ್ ಅದಕ್ಕಿಂತ ಹೆಚ್ಚಿನದಕ್ಕೆ ಒಡ್ಡಿಕೊಂಡಿಲ್ಲ. ಹಾಗಿದ್ದೂ ತೇವ ಕಂಡಿದ್ದರೆ ಸೀಲ್ ಏಕೆ ಸೋತಿತು ಎಂಬುದನ್ನೂ ನೀವೇ ವಿವರಿಸಬೇಕಾಗುತ್ತದೆ.

ನನ್ನ ಕೋರಿಕೆ ಇಷ್ಟು. ವಾಚನ್ನು ಬಿಚ್ಚಿ ಫ್ಲೆಕ್ಸ್ ಕನೆಕ್ಟರ್ ಪರೀಕ್ಷಿಸಿ. ಅದನ್ನು ಮರುಜೋಡಿಸಿದಾಗ ಟಚ್ ಸರಿಹೋಗದಿದ್ದರೆ ಡಿಸ್‌ಪ್ಲೇ ಅಸೆಂಬ್ಲಿಯನ್ನೇ ಪೂರ್ತಿ ಬದಲಿಸಿ. ಈ ಮಾದರಿಯಲ್ಲಿ ಟಚ್ ಪದರ ಪರದೆಗೆ ಅಂಟಿಕೊಂಡೇ ಬರುತ್ತದೆ, ಬೇರ್ಪಡಿಸಿ ಹಾಕುವ ಪ್ರಯತ್ನ ಬೇಡ. ಒಮ್ಮೆ ಬಿಚ್ಚಿದ ಹಳೆಯ ಅಂಟು ಮತ್ತೆ ನೀರು ತಡೆಯುವುದಿಲ್ಲವಾದ್ದರಿಂದ ಹೊಸ ಗ್ಯಾಸ್ಕೆಟ್ ಹಾಕಿ, ಒತ್ತಡ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಜಾಬ್ ಶೀಟ್‌ನಲ್ಲಿ ಬರೆಯಬೇಕು. ಬಿಡಿಭಾಗ ಸಿಗದಿದ್ದರೆ ಅದೇ ಮಾದರಿಯ ಬದಲಿ ವಾಚ್ ಕೊಡಿ. ಇದಕ್ಕೆಲ್ಲ ಯಾವ ಶುಲ್ಕವೂ ಇರಬಾರದು.

ತೇವಾಂಶದ ನಿಲುವಿಗೇ ನೀವು ಅಂಟಿಕೊಳ್ಳುವುದಾದರೆ, ಸೀರಿಯಲ್ ಸಂಖ್ಯೆ ಕಾಣುವಂತೆ ತೆಗೆದ ಒಳಭಾಗದ ಫೋಟೊ, ತೇವಸೂಚಕ ಸ್ಟಿಕ್ಕರ್ ಬಣ್ಣ ಬದಲಿಸಿರುವ ಫೋಟೊ ಹಾಗೂ ತಂತ್ರಜ್ಞರ ಸಹಿಯಿರುವ ಲಿಖಿತ ವರದಿ ನನಗೆ ಬೇಕು. ಬಾಯಿಮಾತಿನ ನಿರಾಕರಣೆಯನ್ನು ಸ್ವೀಕರಿಸುವುದಿಲ್ಲ.

ಫೋನ್ ಜೋಡಣೆ ತೆಗೆದು, ಆ್ಯಕ್ಟಿವೇಶನ್ ಲಾಕ್ ಬಿಚ್ಚಲಾಗಿದೆ. ವಾಚನ್ನು ಸ್ಟ್ರಾಪ್ ಮತ್ತು ಚಾರ್ಜರ್ ಇಲ್ಲದೆ ಈ ಪತ್ರದೊಂದಿಗೆ ಒಪ್ಪಿಸುತ್ತಿದ್ದೇನೆ. ಸ್ವೀಕೃತಿಯಲ್ಲಿ ಅದನ್ನು ಹಾಗೆಯೇ ನಮೂದಿಸಿ. 13 ಏಪ್ರಿಲ್ 2026ರೊಳಗೆ ಲಿಖಿತ ಉತ್ತರ ಬಾರದಿದ್ದರೆ, ಇದೇ ಪತ್ರವನ್ನು ದಾಖಲೆಗಳ ಸಮೇತ ತಯಾರಕರ ದೂರು ವಿಭಾಗಕ್ಕೂ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೂ ಸಲ್ಲಿಸುತ್ತೇನೆ.

ಇಂತಿ,
ಎಸ್. ಸುಜಾತಾ

ಲಗತ್ತು: ಖರೀದಿ ಬಿಲ್ ಮತ್ತು ವಾರಂಟಿ ಕಾರ್ಡ್‌ನ ಪ್ರತಿ, ಎರಡೂ ಜಾಬ್ ಶೀಟ್‌ಗಳ ಪ್ರತಿ, ಪಿನ್ ಪರದೆಯಲ್ಲಿನ ದೋಷ ತೋರಿಸುವ ವಿಡಿಯೊ ಇರುವ ಪೆನ್ ಡ್ರೈವ್